ದಿನದ ಪಿಗ್ಮಿ ಮತ್ತು ಸಾಲ ತೀರುವ ದಿನ: ರೇಖೀಯ ಅವಕಲ ಸಮೀಕರಣದ ಒಂದು ಪಾಠ

ದ್ವಿತೀಯ ಪಿಯುಸಿ ಗಣಿತದ ಅವಕಲ ಸಮೀಕರಣಗಳ ಅಧ್ಯಾಯದಲ್ಲಿ ಬ್ಯಾಂಕಿಗೆ ಸಂಬಂಧಿಸಿದ ಎರಡು ಲೆಕ್ಕಗಳಿವೆ. ಒಂದರಲ್ಲಿ ಅಸಲು ವರ್ಷಕ್ಕೆ ಶೇಕಡ r ದರದಲ್ಲಿ ನಿರಂತರವಾಗಿ ಬೆಳೆಯುತ್ತದೆ, 100 ರೂಪಾಯಿ 10 ವರ್ಷದಲ್ಲಿ ಇಮ್ಮಡಿಯಾದರೆ r ಎಷ್ಟು ಎಂದು ಕೇಳಿದೆ. ಇನ್ನೊಂದರಲ್ಲಿ 1,000 ರೂಪಾಯಿ ಶೇಕಡ 5ರಂತೆ ನಿರಂತರವಾಗಿ ಬೆಳೆದು 10 ವರ್ಷಕ್ಕೆ ಎಷ್ಟಾಗುತ್ತದೆ ಎಂದಿದೆ. ಎರಡೂ ಠೇವಣಿಯ ಲೆಕ್ಕಗಳು, ಎರಡೂ ಚರಾಂಶಗಳನ್ನು ಬೇರ್ಪಡಿಸುವ ವಿಧಾನದ ಅಭ್ಯಾಸದಲ್ಲಿ ಬರುತ್ತವೆ. ಮುಂದೆ ರೇಖೀಯ ಸಮೀಕರಣಕ್ಕೆ ಬಂದಾಗ ಬ್ಯಾಂಕು ಮಾಯವಾಗಿ, dy/dx + Py = Q ಎಂಬ ರೂಪ ಮಾತ್ರ ಉಳಿಯುತ್ತದೆ. ನನ್ನ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಆ ಠೇವಣಿಯ ಲೆಕ್ಕದಿಂದ ದಿನಾಲೂ ಸ್ವಲ್ಪ ಹಣ ಹೊರಗೆ ಹೋಗಲಿ, ಆಗ ಅದು ತಾನಾಗಿಯೇ ರೇಖೀಯ ಸಮೀಕರಣವಾಗುತ್ತದೆ. ಆ ಹಣ ಹೊರಗೆ ಹೋಗುವ ಜಾಗ ಎಂದರೆ ಸಾಲ.

ಬಾಡಗಂಡಿಯಲ್ಲಿ ಅಭ್ಯಾಸ ಬೋಧನೆಗೆ ಈ ಪಾಠವನ್ನು ಯೋಜಿಸುವಾಗ ಯಾವ ಸಾಲವನ್ನು ಆರಿಸಬೇಕು ಎಂಬುದೇ ಮೊದಲ ಪ್ರಶ್ನೆಯಾಯಿತು. ಬೀಳಗಿ ಸೀಮೆಯ ಮಕ್ಕಳಿಗೆ ಸಾಲವೆಂದರೆ ಮೊದಲು ನೆನಪಾಗುವುದು ಕಬ್ಬಿನ ಮೇಲಿನ ಬೆಳೆಸಾಲ. ಆದರೆ ಕಬ್ಬು ಕಾರ್ಖಾನೆಗೆ ಹೋಗಿ ಬಿಲ್ಲು ಬಂದ ಮೇಲೆ ವರ್ಷಕ್ಕೊಮ್ಮೆ ಕಟ್ಟುವ ಸಾಲ ಅದು. ಅಲ್ಲಿ ಹಣದ ಹರಿವು ನಿರಂತರ ಎಂದು ಹೇಳಿದರೆ ಮಕ್ಕಳೇ ನಗುತ್ತಾರೆ. ಟ್ರ್ಯಾಕ್ಟರ್ ಸಾಲದ ಕಂತೂ ಹೆಚ್ಚಾಗಿ ಆರು ತಿಂಗಳಿಗೋ ವರ್ಷಕ್ಕೋ ಬರುತ್ತದೆ. ದಿನಾಲೂ ಹಣ ಕಟ್ಟುವ ಸಾಲ ಒಂದೇ ಒಂದು ಇದೆ, ಅದು ಬಜಾರದ ಅಂಗಡಿಯವರ ಪಿಗ್ಮಿ ಸಾಲ. ಸಂಜೆ ಏಜೆಂಟರು ಬರುತ್ತಾರೆ, ಐವತ್ತೋ ನೂರೋ ಪಡೆದು ಚೀಟಿ ಕೊಟ್ಟು ಮುಂದಿನ ಅಂಗಡಿಗೆ ಹೋಗುತ್ತಾರೆ. ಪಿಗ್ಮಿ ಕನ್ನಡ ನಾಡಿನದೇ ಪದ್ಧತಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯಲ್ಲಿ ಟಿ.ಎಂ.ಎ. ಪೈ ಅವರು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಉಳಿತಾಯ ಸಂಗ್ರಹಿಸುವುದನ್ನು ಆರಂಭಿಸಿದರು. ಉಳಿತಾಯಕ್ಕೆಂದು ಹುಟ್ಟಿದ ಆ ದಿನದ ವಸೂಲಿಯನ್ನೇ ನಂತರ ಸಹಕಾರಿ ಪತ್ತಿನ ಸಂಘಗಳು ಸಣ್ಣ ವ್ಯಾಪಾರಿಗಳ ಸಾಲ ಮರುಪಾವತಿಗೂ ಬಳಸಿಕೊಂಡವು. ‘ನಿರಂತರ ಪಾವತಿ’ ಎಂಬ ಕಲ್ಪನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಪಾಠಕ್ಕಾಗಿ ನಾನು ಇಟ್ಟುಕೊಂಡ ಅಂಕಿಗಳು ಸರಳವಾದವು. ಕಿರಾಣಿ ಅಂಗಡಿಯವರೊಬ್ಬರು 1,00,000 ರೂಪಾಯಿ ಸಾಲ ಪಡೆದಿದ್ದಾರೆ. ಬಡ್ಡಿ ವರ್ಷಕ್ಕೆ ಶೇಕಡ 14. ದಿನಕ್ಕೆ 100 ರೂಪಾಯಿ ಕಟ್ಟುತ್ತಾರೆ. ಒಂದು ವರ್ಷದ ನಂತರ ಬಾಕಿ ಎಷ್ಟು? ಸಾಲ ಯಾವಾಗ ತೀರುತ್ತದೆ?

ಸಮೀಕರಣ ಹುಟ್ಟುವ ಬಗೆ

ಸಮೀಕರಣವನ್ನು ನೇರವಾಗಿ ಹಲಗೆಯ ಮೇಲೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಮೊದಲು ತಿಂಗಳ ಲೆಕ್ಕ ಮಾಡಿಸಬೇಕು. ವರ್ಷಕ್ಕೆ 36,500 ಎಂದರೆ ತಿಂಗಳಿಗೆ ಸುಮಾರು 3,041.67 ರೂಪಾಯಿ. ಮೊದಲ ತಿಂಗಳ ಬಡ್ಡಿ 1,00,000 × 0.14 ÷ 12, ಅಂದರೆ 1,166.67. ಇದನ್ನು ಕೂಡಿಸಿ ಕಟ್ಟಿದ್ದನ್ನು ಕಳೆದರೆ ಬಾಕಿ 98,125. ಎರಡನೆಯ ತಿಂಗಳ ಬಡ್ಡಿ 1,144.79ಕ್ಕೆ ಇಳಿಯುತ್ತದೆ, ಬಾಕಿ 96,228.12 ಆಗುತ್ತದೆ. ಮೊದಲ ತಿಂಗಳು ಅಸಲಿನಲ್ಲಿ ಇಳಿದದ್ದು 1,875 ರೂಪಾಯಿ, ಎರಡನೆಯ ತಿಂಗಳು 1,896.88. ಕಟ್ಟಿದ್ದು ಅಷ್ಟೇ ಇದ್ದರೂ ಇಳಿಕೆ ಹೆಚ್ಚಾಯಿತು. ಮಕ್ಕಳು ಇದನ್ನು ತಾವೇ ಗಮನಿಸುವವರೆಗೆ ಕಾಯಬೇಕು. ಪಾಠದ ಅರ್ಧ ಜೀವ ಇಲ್ಲಿದೆ.

ಈಗ ತಿಂಗಳ ಬದಲು Δt ಎಂಬ ಚಿಕ್ಕ ಅವಧಿಯನ್ನು ತೆಗೆದುಕೊಳ್ಳೋಣ. ಆ ಅವಧಿಯಲ್ಲಿ ಬಾಕಿಗೆ ಸೇರುವ ಬಡ್ಡಿ rBΔt, ಬಾಕಿಯಿಂದ ಹೋಗುವ ಹಣ pΔt. ಆದ್ದರಿಂದ

ΔB = rBΔt − pΔt

Δtಯಿಂದ ಭಾಗಿಸಿ, ಅದನ್ನು ಸೊನ್ನೆಯ ಕಡೆಗೆ ಒಯ್ದರೆ

dB/dt = rB − p, ಅಥವಾ dB/dt − rB = −p

ಇದು ಮೊದಲ ದರ್ಜೆಯ ರೇಖೀಯ ಅವಕಲ ಸಮೀಕರಣ. ಇಲ್ಲಿ P ಎಂದರೆ −r, Q ಎಂದರೆ −p. ಪಠ್ಯಪುಸ್ತಕದ ದೊಡ್ಡ P ಮತ್ತು ನಮ್ಮ ಚಿಕ್ಕ p ಬೇರೆ ಬೇರೆ ಎಂಬುದನ್ನು ಹಲಗೆಯ ಮೂಲೆಯಲ್ಲಿ ಬರೆದಿಡುವುದು ಒಳ್ಳೆಯದು. ಬೇಕಾದರೆ ಪಾವತಿಗೆ k ಎಂದೇ ಬರೆಯಬಹುದು.

ಇಲ್ಲಿ ಒಬ್ಬ ಚುರುಕಾದ ವಿದ್ಯಾರ್ಥಿ ಏಳುವುದು ಖಚಿತ: “ಸರ, ಇದನ್ನ ಚರಾಂಶ ಬೇರ್ಪಡಿಸೇ ಬಿಡಿಸಬಹುದಲ್ರಿ? ಅನುಕಲನ ಗುಣಕ ಯಾಕ ಬೇಕ್ರಿ?” ಹೌದು, p ಸ್ಥಿರಾಂಕವಾಗಿರುವವರೆಗೆ ಬಿಡಿಸಬಹುದು. ಅದನ್ನು ಒಪ್ಪಿಕೊಂಡು, ಪಾವತಿ ಕಾಲದೊಂದಿಗೆ ಬದಲಾದರೆ ಬೇರ್ಪಡಿಸುವ ವಿಧಾನ ಕೈಕೊಡುತ್ತದೆ, ಅದನ್ನು ಪಾಠದ ಕೊನೆಗೆ ನೋಡೋಣ ಎಂದು ಮುಂದೆ ಸಾಗಬೇಕು. ಆ ಮಾತನ್ನು ಪ್ರಶಿಕ್ಷಣಾರ್ಥಿ ಕೊನೆಗೆ ಉಳಿಸಿಕೊಳ್ಳುತ್ತಾನೋ ಇಲ್ಲವೋ ಎಂಬುದನ್ನು ನಾನು ವೀಕ್ಷಣಾ ಪುಸ್ತಕದಲ್ಲಿ ಗುರುತು ಹಾಕುತ್ತೇನೆ.

ಅನುಕಲನ ಗುಣಕ e^(−rt). ಎರಡೂ ಬದಿಗೆ ಗುಣಿಸಿದರೆ ಎಡಬದಿ ಒಂದೇ ಗುಣಲಬ್ಧದ ಅವಕಲನವಾಗುತ್ತದೆ:

d/dt [B e^(−rt)] = −p e^(−rt)

0ಯಿಂದ tವರೆಗೆ ಅನುಕಲಿಸಿದರೆ

B e^(−rt) − B₀ = −(p/r)(1 − e^(−rt))

ಇದನ್ನು ಜೋಡಿಸಿ ಬರೆದರೆ ಬಾಕಿಯ ಸೂತ್ರ ಸಿಗುತ್ತದೆ:

B(t) = p/r + (B₀ − p/r) e^(rt)

ಅನಿಶ್ಚಿತ ಅನುಕಲನ ಮಾಡಿ, C ಬರೆದು, ನಂತರ C ಕಂಡುಹಿಡಿಯುವ ರೂಢಿ ನಮ್ಮಲ್ಲಿ ಹೆಚ್ಚು. ತಪ್ಪೇನಿಲ್ಲ. ಆದರೆ 0ಯಿಂದ tವರೆಗಿನ ನಿಶ್ಚಿತ ಅನುಕಲನದಲ್ಲಿ e^(−rt)ಗೆ ಒಂದು ಅರ್ಥ ಕಾಣುತ್ತದೆ. ಸಾಲ ತೀರುವ ಕಾಲ Tಯಲ್ಲಿ B = 0 ಎಂದು ಮೇಲಿನ ಸಾಲಿನಲ್ಲೇ ಹಾಕಿದರೆ B₀ = (p/r)(1 − e^(−rT)) ಎಂದು ಬರುತ್ತದೆ. ಅಂದರೆ ಮುಂದೆ ಕಟ್ಟುವ ಪ್ರತಿಯೊಂದು ನೂರರ ನೋಟನ್ನೂ e^(−rt)ಯಿಂದ ಕುಗ್ಗಿಸಿ ಕೂಡಿಸಿದರೆ ಇಂದು ಕೈಗೆ ಬಂದ ಒಂದು ಲಕ್ಷ ಸಿಗುತ್ತದೆ. ಮೂರು ವರ್ಷದ ನಂತರ ಕಟ್ಟುವ ನೂರು ರೂಪಾಯಿ ಇಂದಿನ ಲೆಕ್ಕದಲ್ಲಿ ಸುಮಾರು 66 ರೂಪಾಯಿ ಮಾತ್ರ. ಅನುಕಲನ ಗುಣಕವನ್ನು ಕೇವಲ ಒಂದು ತಂತ್ರವಾಗಿ ಕಲಿತ ಮಕ್ಕಳಿಗೆ ಅದು ಹಣದ ಬೆಲೆಯನ್ನು ಇಂದಿಗೆ ತರುವ ಗುಣಕ ಎಂದು ತೋರಿಸಲು ಇದು ಸರಿಯಾದ ಜಾಗ.

ತೀರುವ ಕಾಲದ ಸೂತ್ರ ಅದೇ ಸಾಲಿನಿಂದ:

T = (1/r) ln [ p / (p − rB₀) ]

ಅಂಗಡಿಯ ಲೆಕ್ಕ

ಇಲ್ಲಿ r = 0.14, p = 36,500, rB₀ = 14,000. ಹಾಗಾಗಿ p − rB₀ = 22,500 ಮತ್ತು 36,500/22,500 = 1.6222. ಇದರ ಸ್ವಾಭಾವಿಕ ಲಘುಗಣಕ 0.4838. 0.14ರಿಂದ ಭಾಗಿಸಿದರೆ T = 3.456 ವರ್ಷ, ಅಂದರೆ ಸುಮಾರು 1,261 ದಿನ. ಪರೀಕ್ಷೆಯಲ್ಲಿ ಮಾಡುವಂತೆ ಲಘುಗಣಕದ ಬೆಲೆಯನ್ನು ಪ್ರಶ್ನೆಯಲ್ಲೇ ಕೊಟ್ಟರೆ ಗಣಕಯಂತ್ರ ಬೇಕಾಗುವುದಿಲ್ಲ. ಒಟ್ಟು ಕಟ್ಟಿದ್ದು ಸುಮಾರು 1,26,133 ರೂಪಾಯಿ, ಬಡ್ಡಿ 26,133.

ಬಾಕಿಗೆ p/r = 2,60,714 ಎಂದು ಬರುತ್ತದೆ, ಹಾಗಾಗಿ B(t) = 2,60,714 − 1,60,714 e^(0.14t). ಒಂದು ವರ್ಷಕ್ಕೆ ಬಾಕಿ 75,849, ಎರಡು ವರ್ಷಕ್ಕೆ 48,068, ಮೂರು ವರ್ಷಕ್ಕೆ 16,113. ಮೊದಲ ವರ್ಷ ಕಟ್ಟಿದ 36,500ರಲ್ಲಿ 12,349 ಬಡ್ಡಿಗೆ ಹೋಯಿತು. ಮೂರನೆಯ ವರ್ಷ ಬಡ್ಡಿಗೆ ಹೋದದ್ದು 4,545 ಮಾತ್ರ. ಈ ನಾಲ್ಕು ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಹಾಕಿಸಿ ಸೇರಿಸಲು ಹೇಳಿದರೆ, ವಕ್ರರೇಖೆ ಮೊದಲು ಮೆಲ್ಲಗೆ, ಆಮೇಲೆ ಕಡಿದಾಗಿ ಇಳಿಯುತ್ತದೆ.

ಗ್ರಾಫ್ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಸುವುದು ನನ್ನ ರೂಢಿ: ಅರ್ಧ ಅವಧಿ ಮುಗಿದಾಗ ಬಾಕಿ ಎಷ್ಟಿರಬಹುದು? “ಅರ್ಧಾ ತೀರಿರತೈತ್ರಿ” ಎಂಬುದೇ ತರಗತಿಯ ಮೊದಲ ಉತ್ತರ. ಸೂತ್ರದ ಪ್ರಕಾರ ಆಗ ಇನ್ನೂ 56,018 ರೂಪಾಯಿ ಬಾಕಿ ಇರುತ್ತದೆ. ನಡುವೆ ಸಾಲವನ್ನು ಒಂದೇ ಸಲ ತೀರಿಸಲು ಹೋದ ಅಂಗಡಿಯವರು ‘ಇಷ್ಟು ದಿನ ಕಟ್ಟಿದೆ, ಇನ್ನೂ ಇಷ್ಟು ಉಳಿದಿದೆಯೇ’ ಎಂದು ಜಗಳಕ್ಕೆ ನಿಲ್ಲುವುದುಂಟು. ಅಲ್ಲಿ ಮೋಸ ಇರಲೇಬೇಕೆಂದಿಲ್ಲ, ವಕ್ರರೇಖೆಯ ಆಕಾರವೇ ಹಾಗೆ.

ಬಿಟ್ಟುಹೋದ ದಿನಗಳು

ಈ ಪಾಠದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಏಜೆಂಟರು ವರ್ಷದ 365 ದಿನವೂ ಬರುವುದಿಲ್ಲ. ರವಿವಾರ, ಹಬ್ಬ, ಜಾತ್ರೆ, ಅಂಗಡಿ ತೆರೆಯದ ಅಮಾವಾಸ್ಯೆ, ಮನೆಯಲ್ಲಿ ಮದುವೆ ಎಂದು 65 ದಿನ ಹೋಯಿತು ಎನ್ನೋಣ. ಉಳಿದ 300 ದಿನಕ್ಕೆ ವರ್ಷದ ಪಾವತಿ 30,000. ಕಡಿಮೆಯಾದದ್ದು ಶೇಕಡ 18ರಷ್ಟು. ಮಕ್ಕಳನ್ನು ಕೇಳಿದರೆ ಕಾಲವೂ ಸುಮಾರು ಅಷ್ಟೇ ಹೆಚ್ಚಾಗುತ್ತದೆ ಎನ್ನುತ್ತಾರೆ. ಲೆಕ್ಕ ಮಾಡಿದರೆ T = (1/0.14) ln(30,000/16,000), ಅಂದರೆ 0.6286/0.14 = 4.49 ವರ್ಷ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೆಳೆಯಿತು, ಶೇಕಡ 30ರಷ್ಟು. ಬಡ್ಡಿ 26,133ರಿಂದ ಸುಮಾರು 34,700ಕ್ಕೆ ಏರಿತು.

ಕಾರಣ ಛೇದದಲ್ಲಿದೆ. ಮೊದಲ ದಿನಗಳಲ್ಲಿ ಸಾಲವನ್ನು ಇಳಿಸುವುದು p ಅಲ್ಲ, p − rB₀. ದಿನದ ಲೆಕ್ಕದಲ್ಲಿ ನೂರರಲ್ಲಿ ಬಡ್ಡಿಗೇ 38.36 ರೂಪಾಯಿ ಹೋಗುತ್ತದೆ, ಅಸಲಿಗೆ ಮುಟ್ಟುವುದು 61.64. ಪಾವತಿ ಶೇಕಡ 18 ಇಳಿದರೆ ಅಸಲಿಗೆ ಮುಟ್ಟುವ ಭಾಗ 22,500ರಿಂದ 16,000ಕ್ಕೆ, ಅಂದರೆ ಶೇಕಡ 29ರಷ್ಟು ಇಳಿಯುತ್ತದೆ.

ಇದನ್ನೇ ಕೊನೆಯವರೆಗೆ ಎಳೆದು ನೋಡಿಸಬೇಕು. ದಿನಕ್ಕೆ 40 ರೂಪಾಯಿ ಕಟ್ಟಿದರೆ ವರ್ಷಕ್ಕೆ 14,600. ಆಗ T = (1/0.14) ln(14,600/600), ಸುಮಾರು 22.8 ವರ್ಷ. ದಿನಕ್ಕೆ 38 ರೂಪಾಯಿ ಕಟ್ಟಿದರೆ ವರ್ಷಕ್ಕೆ 13,870, ಛೇದ ಋಣವಾಗುತ್ತದೆ, ಋಣ ಸಂಖ್ಯೆಗೆ ಲಘುಗಣಕ ಇಲ್ಲ. ಸೂತ್ರ ಕೆಟ್ಟಿತು ಎಂದು ಮಕ್ಕಳು ಕೈಬಿಡುತ್ತಾರೆ. ಆದರೆ ಸೂತ್ರ ಇಲ್ಲಿ ‘ತೀರುವ ದಿನವೇ ಇಲ್ಲ’ ಎಂಬ ಸರಿಯಾದ ಉತ್ತರವನ್ನೇ ಕೊಟ್ಟಿದೆ. B(t)ಯನ್ನು ನೋಡಿದರೆ ಸ್ಪಷ್ಟ: p/r = 99,071, ಹಾಗಾಗಿ B(t) = 99,071 + 929 e^(0.14t). ಹತ್ತು ವರ್ಷ ಬಿಡದೆ ಕಟ್ಟಿ 1,38,700 ರೂಪಾಯಿ ಕೊಟ್ಟ ಮೇಲೂ ಬಾಕಿ ಸುಮಾರು 1,02,837. ಎರಡು ರೂಪಾಯಿಯ ಅಂತರದಲ್ಲಿ ಒಂದು ಸಾಲ 23 ವರ್ಷಕ್ಕೆ ತೀರುತ್ತದೆ, ಇನ್ನೊಂದು ಎಂದೂ ತೀರದು. rB₀ಗೆ ಸಮನಾದ ಪಾವತಿ, ಅಂದರೆ ದಿನಕ್ಕೆ 38.36, ನಡುವಿನ ಗೆರೆ. ಅಲ್ಲಿ ಬಾಕಿ ಒಂದು ಲಕ್ಷದಲ್ಲೇ ನಿಂತಿರುತ್ತದೆ. ಬಡ್ಡಿಗೆ ಬಡ್ಡಿ ಬೆಳೆದು ಸಾಲ ಮುಗಿಯಲೇ ಇಲ್ಲ ಎಂದು ಹಿರಿಯರು ಹೇಳುವುದನ್ನು ಈ ಮಕ್ಕಳು ಮನೆಯಲ್ಲಿ ಕೇಳಿದ್ದಾರೆ. ಅದು ಯಾವಾಗ ಆಗುತ್ತದೆ ಎಂಬ ಷರತ್ತು p ≤ rB₀ ಎಂದು ಒಂದು ಸಾಲಿನಲ್ಲಿ ಹಲಗೆಯ ಮೇಲೆ ಬಂದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಅಲ್ಲಿ ಪ್ರಶಿಕ್ಷಣಾರ್ಥಿ ಅವಸರಪಡಬಾರದು. ಯಾರ ಮನೆಯ ಸಾಲದ ಅಂಕಿಯನ್ನೂ ಕೇಳಬಾರದು ಎಂಬುದನ್ನು ನಾನು ಪಾಠಕ್ಕೆ ಮುನ್ನವೇ ಹೇಳಿರುತ್ತೇನೆ.

ಎಲ್ಲಿ ತಪ್ಪುತ್ತದೆ, ಹೇಗೆ ಗೊತ್ತಾಗುತ್ತದೆ

ಹೆಚ್ಚು ಕಾಣುವ ತಪ್ಪು ಏಕಮಾನದ್ದು. rನ್ನು ವರ್ಷಕ್ಕೆ 0.14 ಎಂದೂ, pಯನ್ನು ದಿನಕ್ಕೆ 100 ಎಂದೂ ಹಾಕಿದರೆ p − rB₀ = 100 − 14,000 ಆಗಿ, ತೀರಬೇಕಾದ ಸಾಲವೂ ತೀರದ ಸಾಲದಂತೆ ಕಾಣುತ್ತದೆ. ಲಕ್ಷಣ ಎರಡಕ್ಕೂ ಒಂದೇ ಆದ್ದರಿಂದ ಮೋಸಹೋಗುವುದು ಸುಲಭ. ಒಂದು ದಿನದ ಬಡ್ಡಿಯನ್ನು ಬೇರೆಯಾಗಿ ಲೆಕ್ಕ ಮಾಡಿಸಿ, ದಿನದ ಪಾವತಿಯ ಪಕ್ಕದಲ್ಲಿ ಬರೆಸಿದರೆ ಸಾಕು: 38.36 ಮತ್ತು 100. ನೂರು ದೊಡ್ಡದು, ಹಾಗಾದರೆ ಸಾಲ ತೀರಲೇಬೇಕು.

ಇನ್ನೊಂದು ತಪ್ಪು ಚಿಹ್ನೆಯದು. ಕೊನೆಯ ಸಾಲಿನಲ್ಲಿ e^(rt) ಬದಲು e^(−rt) ಉಳಿದುಬಿಡುತ್ತದೆ. t = 0 ಹಾಕಿ ತಾಳೆ ನೋಡಿದರೆ ಆ ತಪ್ಪು ಸೂತ್ರವೂ ಸರಿಯಾಗಿ 1,00,000 ಕೊಡುತ್ತದೆ, ಹಾಗಾಗಿ ಆ ಒಂದು ಪರೀಕ್ಷೆ ಸಾಲದು. t = 0ಯಲ್ಲಿ ಅವಕಲನವನ್ನೂ ನೋಡಬೇಕು. ಸಮೀಕರಣದ ಪ್ರಕಾರ ಅದು rB₀ − p = −22,500. ತಪ್ಪು ಸೂತ್ರ +22,500 ಕೊಡುತ್ತದೆ, ಅಂದರೆ ಕಟ್ಟುತ್ತ ಹೋದಂತೆ ಸಾಲ ಬೆಳೆಯುತ್ತದೆ. ಆರಂಭಿಕ ಬೆಲೆ ಮತ್ತು ಆರಂಭಿಕ ವೇಗ ಎರಡೂ ತಾಳೆಯಾಗಬೇಕು ಎಂಬ ರೂಢಿ ಈ ಅಧ್ಯಾಯದ ಬೇರೆ ಲೆಕ್ಕಗಳಿಗೂ ಒದಗುತ್ತದೆ.

ಮಾದರಿ ಎಷ್ಟು ನಿಜ?

ಯಾವ ಸಂಘವೂ ಕ್ಷಣಕ್ಷಣಕ್ಕೆ ಬಡ್ಡಿ ಸೇರಿಸುವುದಿಲ್ಲ. ಹಾಗಾದರೆ ಈ ಲೆಕ್ಕಕ್ಕೆ ಬೆಲೆ ಏನು? ಅದನ್ನೂ ಅಳೆಯಬಹುದು. ದಿನದ ಬಡ್ಡಿ ದಿನವೇ ಸೇರಿ, ದಿನವೇ ನೂರು ಕಟ್ಟಿದರೆ, ದಿನಗಳ ಸಂಖ್ಯೆ 0.4838ನ್ನು ln(1 + 0.14/365)ರಿಂದ ಭಾಗಿಸಿದಷ್ಟು, ಸುಮಾರು 1,261.6. ಅವಕಲ ಸಮೀಕರಣ ಕೊಟ್ಟದ್ದು 1,261.3. ವ್ಯತ್ಯಾಸ ಕಾಲು ದಿನ. ಬಡ್ಡಿಯೂ ಕಂತೂ ತಿಂಗಳಿಗೊಮ್ಮೆ ಆದರೆ 41.71 ತಿಂಗಳು. ನಿರಂತರ ಮಾದರಿಯಲ್ಲಿ 41.47. ವ್ಯತ್ಯಾಸ ಒಂದು ವಾರದಷ್ಟು. ವರ್ಷಕ್ಕೊಮ್ಮೆ ಎಂದಾಗ ಮಾತ್ರ ಮಾದರಿ ಸಡಿಲವಾಗುತ್ತದೆ. ಕಬ್ಬಿನ ಬಿಲ್ಲಿನಿಂದ ವರ್ಷದ ಕೊನೆಗೆ 36,500 ಕಟ್ಟುವ ರೈತನ ಬಾಕಿ 77,500, 51,850, 22,609 ಎಂದು ಇಳಿದು, ನಾಲ್ಕನೆಯ ವರ್ಷ 25,774 ಕಟ್ಟಿದಾಗ ತೀರುತ್ತದೆ. ಅವನ ಒಟ್ಟು ಬಡ್ಡಿ 35,274. ಅದೇ ಸಾಲ, ಅದೇ ದರ, ವರ್ಷಕ್ಕೆ ಅಷ್ಟೇ ಹಣ. ಆದರೂ ದಿನಾಲೂ ಕಟ್ಟಿದ ಅಂಗಡಿಯವರಿಗಿಂತ 9,141 ರೂಪಾಯಿ ಹೆಚ್ಚು. ಹಣ ವರ್ಷವಿಡೀ ಕಾಯ್ದದ್ದರ ಬೆಲೆ ಅದು. 2002ರ ಏಪ್ರಿಲ್‌ನಿಂದ ಬ್ಯಾಂಕುಗಳಲ್ಲಿ ಸಾಲದ ಬಡ್ಡಿಯನ್ನು ತಿಂಗಳಿಗೊಮ್ಮೆ ಸೇರಿಸುವ ಪದ್ಧತಿ ಬಂದಾಗ, ಕೃಷಿ ಸಾಲವನ್ನು ಹಂಗಾಮಿಗೆ ಹೊಂದಿಸಿ ಹೊರಗಿಟ್ಟದ್ದು ಇದೇ ಕಾರಣಕ್ಕೆ: ರೈತನ ಕೈಗೆ ತಿಂಗಳಿಗೊಮ್ಮೆ ಹಣ ಬರುವುದಿಲ್ಲ.

ಮಾದರಿ ನಿಜವಾಗಿ ಮುರಿಯುವ ಜಾಗ ಬೇರೆ. ಕೆಲವು ಕಡೆ ದಿನದ ಹಣ ಸಾಲದ ಖಾತೆಗೆ ನೇರವಾಗಿ ಹೋಗದೆ ಪ್ರತ್ಯೇಕ ಪಿಗ್ಮಿ ಖಾತೆಯಲ್ಲಿ ಕೂಡುತ್ತ ಹೋಗಿ, ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಲಕ್ಕೆ ಜಮಾ ಆಗುತ್ತದೆ. ವರ್ಷಕ್ಕೊಮ್ಮೆ ಜಮಾ ಆಗುವುದಾದರೆ ದಿನಾಲೂ ಕಟ್ಟುವ ಅಂಗಡಿಯವರೂ ಹೆಚ್ಚುಕಡಿಮೆ ಆ ರೈತನ ಸಾಲಿನಲ್ಲೇ ನಿಲ್ಲುತ್ತಾರೆ, ಪಿಗ್ಮಿ ಖಾತೆ ಕೊಡುವ ಸಣ್ಣ ಬಡ್ಡಿಯಷ್ಟು ಮಾತ್ರ ಬಿಟ್ಟು. ಆಗ dB/dt = rB − p ಆ ಖಾತೆಗೆ ಹೊಂದುವುದಿಲ್ಲ. ಗೊತ್ತಾಗುವುದು ಪಾಸ್‌ಬುಕ್ಕಿನಿಂದ. ಸಾಲದ ಪುಟದಲ್ಲಿ ಜಮಾ ದಿನಾಂಕಗಳು ಎಷ್ಟು ಅಂತರದಲ್ಲಿವೆ ಎಂದು ನೋಡಿದರೆ Δt ಎಷ್ಟು ಎಂಬುದು ಕಣ್ಣಿಗೇ ಕಾಣುತ್ತದೆ. ಪ್ರಶಿಕ್ಷಣಾರ್ಥಿಗಳಿಗೆ ನಾನು ಮಾದರಿ ಪಾಸ್‌ಬುಕ್ಕಿನ ಎರಡು ಪುಟಗಳನ್ನು ಕೈಯಲ್ಲಿ ಬರೆದು ತಯಾರಿಸಲು ಹೇಳುತ್ತೇನೆ, ಒಂದರಲ್ಲಿ ದಿನದ ಜಮಾ, ಇನ್ನೊಂದರಲ್ಲಿ ವರ್ಷದ ಜಮಾ. ಇದಕ್ಕಿಂತ ಬೇರೆ ಬೋಧನೋಪಕರಣ ಬೇಕಿಲ್ಲ.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅಂಗಡಿಯ ವ್ಯಾಪಾರ ಬೆಳೆದಂತೆ ಪಾವತಿಯನ್ನೂ ಏರಿಸುತ್ತ ಹೋದರೆ p ಸ್ಥಿರಾಂಕವಲ್ಲ. p₀e^(gt) ಎಂದಿರಲಿ, p₀ = 36,500, g = 0.10. dB/dt = rB − p₀e^(gt) ಎಂಬಲ್ಲಿ B ಮತ್ತು tಯನ್ನು ಎರಡು ಬದಿಗೆ ಬೇರ್ಪಡಿಸಲು ಸಾಧ್ಯವಿಲ್ಲ. ಅನುಕಲನ ಗುಣಕ ಮಾತ್ರ ಅದೇ e^(−rt). ಬಲಬದಿಯಲ್ಲಿ −p₀e^(−(r−g)t) ಬರುತ್ತದೆ, ಅನುಕಲಿಸಿ B = 0 ಹಾಕಿದರೆ

B₀ = [p₀/(r − g)] (1 − e^(−(r−g)T))

r − g = 0.04. ಇದರಿಂದ e^(−0.04T) = 0.8904, T ಸುಮಾರು 2.90 ವರ್ಷ. ದಿನದ ಪಿಗ್ಮಿ ನೂರರಿಂದ ಆರಂಭವಾಗಿ ಕೊನೆಗೆ ಸುಮಾರು 134 ರೂಪಾಯಿಗೆ ಏರಿರುತ್ತದೆ, ಸಾಲ ಆರೂವರೆ ತಿಂಗಳು ಮೊದಲೇ ತೀರುತ್ತದೆ. r ಮತ್ತು g ಸಮನಾದರೆ ಸೂತ್ರದ ಛೇದ ಸೊನ್ನೆಯಾಗುತ್ತದೆ. ಆಗ ಅನುಕಲಿಸುವ ಮೊದಲೇ ಬಲಬದಿ ಕೇವಲ −p₀ ಎಂದು ಗಮನಿಸಿದರೆ T = B₀/p₀ ಎಂದು ಒಂದೇ ಸಾಲಿನಲ್ಲಿ ಸಿಗುತ್ತದೆ. ಅದನ್ನು ನಾನು ಮನೆಗೆಲಸಕ್ಕೆ ಬಿಡುತ್ತೇನೆ. ಅದರ ಜೊತೆಗೆ ಕೊಡುವ ಇನ್ನೊಂದು ಪ್ರಶ್ನೆ: ಇದೇ ಸಾಲ ಸರಿಯಾಗಿ ಎರಡು ವರ್ಷದಲ್ಲಿ ತೀರಬೇಕಾದರೆ ದಿನಕ್ಕೆ ಎಷ್ಟು ಕಟ್ಟಬೇಕು? e^(−0.28) = 0.7558 ಎಂದು ಕೊಟ್ಟರೆ ಉತ್ತರ ಸುಮಾರು 157 ರೂಪಾಯಿ ಬರಬೇಕು.